‘ಶುಗರ್ ಇರೋಳಿಗೆ ಜ್ಯೂಸ್ ಕೊಡ್ತೀರಾ?’: ಕ್ಲಾಸ್‌ಮೇಟ್‌ಗಳಿಗೆ ಹತ್ತು ನಿಮಿಷದ ಒಂದು ಪಾಠ

ಹೋದ ತಿಂಗಳು ತುಮಕೂರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್‌ನ ಬಾಗಿಲಲ್ಲಿ ಒಬ್ಬಳು ಹುಡುಗಿ ತನ್ನ ಬ್ಯಾಗಿನಿಂದ ಮಾವಿನಹಣ್ಣಿನ ಜ್ಯೂಸ್ ಪ್ಯಾಕೆಟ್ ತೆಗೆದು ಸ್ಟ್ರಾ ಚುಚ್ಚಲು ಒದ್ದಾಡುತ್ತಿದ್ದಳು. ಕೈ ನಡುಗುತ್ತಿತ್ತು. ಮುಖ ಬೆವರಿ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಗೆಳತಿಗೆ ಗಾಬರಿಯಾಯಿತು. ಇವಳಿಗೆ ‘ಶುಗರ್ ಇದೆ’ ಅನ್ನುವುದು ಆ ಗೆಳತಿಗೆ ಗೊತ್ತಿತ್ತು. ಹಾಗಾಗಿ ಪ್ಯಾಕೆಟ್ಟನ್ನು ಕೈಯಿಂದ ಕಿತ್ತುಕೊಂಡಳು. ನೆರೆದವರ ಮೇಲೂ ರೇಗಿದಳು: “ಶುಗರ್ ಇರೋಳಿಗೆ ಜ್ಯೂಸ್ ಕೊಡ್ತೀರಾ? ಬುದ್ಧಿ ಇಲ್ವಾ ನಿಮಗೆ?” ಇನ್ನೊಬ್ಬ ಹುಡುಗ ಬ್ಯಾಗ್ ತಡಕಾಡಿ ಇನ್ಸುಲಿನ್ ಪೆನ್ ಹಿಡಿದು ನಿಂತ. “ಇದನ್ನ ಚುಚ್ಚಿಬಿಡೋಣ್ವಾ?” ಅಂತ ಕೇಳಿದ.

ಇಬ್ಬರೂ ಒಳ್ಳೆಯವರೇ. ಇಬ್ಬರೂ ಕಾಪಾಡಲೆಂದೇ ಓಡಿ ಬಂದಿದ್ದರು. ಆದರೆ ಆ ಗೆಳತಿ ಕಿತ್ತುಕೊಂಡದ್ದು ಆ ಕ್ಷಣದಲ್ಲಿ ಬೇಕಿದ್ದ ಒಂದೇ ಔಷಧವನ್ನು. ಆ ಹುಡುಗ ಕೊಡಲು ಹೊರಟಿದ್ದು ಆ ಸ್ಥಿತಿಗೆ ಕಾರಣವಾದದ್ದನ್ನೇ. 

ಅವತ್ತು ಪರಿಸ್ಥಿತಿ ಸರಿಹೋಗಿದ್ದು ಲ್ಯಾಬ್ ಅಟೆಂಡರ್ ಒಬ್ಬರಿಂದ. ಅವರ ತಾಯಿ ವರ್ಷಗಳಿಂದ ಇನ್ಸುಲಿನ್ ತಗೊಳ್ಳುತ್ತಾರೆ. ಹಾಗಾಗಿ ಅವರಿಗೆ ಈ ಬೆವರು, ಈ ನಡುಕ ಹೊಸದಲ್ಲ. ಸ್ಟಾಫ್ ರೂಮಿನ ಟೀ ಡಬ್ಬಿಗಳ ಪಕ್ಕದಿಂದ ಸಕ್ಕರೆ ತಂದು, ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಕದಡಿ, “ಕುಡಿಯಮ್ಮ, ಮಾತಾಡ್ಬೇಡ” ಅಂತ ಕುಡಿಸಿದರು.

ಆ ಹುಡುಗಿ ನನ್ನ ಅಕ್ಕನ ಮಗಳು. ಎರಡನೇ ವರ್ಷದ ಬಿಎಸ್ಸಿ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ.

ಅದಾದ ನಾಲ್ಕು ದಿನಕ್ಕೆ ಫೋನ್ ಮಾಡಿದಳು. “ಮಾಮ, ಮೇಡಂ ಹತ್ತು ನಿಮಿಷ ಕೊಟ್ಟಿದ್ದಾರೆ. ಇಡೀ ಕ್ಲಾಸಿಗೆ ಹೇಳ್ಬೇಕು. ಏನು ಹೇಳ್ಲಿ?” ನಾನು ಎಲೆಕ್ಟ್ರಾನಿಕ್ಸ್ ಓದಿ ಬಂದವನು. ಪತ್ರಿಕೋದ್ಯಮಕ್ಕೆ ಬಂದು ಇಷ್ಟು ವರ್ಷವಾದರೂ ಯಾವ ಸಮಸ್ಯೆ ಕಂಡರೂ ಮೊದಲು ಬ್ಲಾಕ್ ಡಯಾಗ್ರಾಂ ಬರೆಯುವ ಚಟ ಬಿಟ್ಟಿಲ್ಲ. ನಮ್ಮ ದೇಹ ಕ್ಲೋಸ್ಡ್ ಲೂಪ್ ಕಂಟ್ರೋಲ್ ಸಿಸ್ಟಂ, ಮೇದೋಜೀರಕ ಗ್ರಂಥಿಯೇ ಸೆನ್ಸರ್ ಮತ್ತು ಕಂಟ್ರೋಲರ್, ನಿನ್ನದು ಓಪನ್ ಲೂಪ್ ಅಂತ ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದಳು. “ಮಾಮ, ನಿನ್ನ ಲೂಪು ಬೇಡ. ನಾನು ಬಿದ್ದಾಗ ಅವರು ಏನು ಮಾಡ್ಬೇಕು ಅನ್ನೋದು ನೆನಪಿರಬೇಕು ಅಷ್ಟೇ.”

ಮನೆಯಲ್ಲಿ ಬೇರೆಯದೇ ತಕರಾರಿತ್ತು. ಅಕ್ಕನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. “ಊರಿಗೆಲ್ಲ ಡಂಗುರ ಹೊಡೆಯೋದ್ಯಾಕೆ? ನಾಳೆ ಸಂಬಂಧ ನೋಡೋವಾಗ ಇದೇ ಮಾತು ಮೊದಲು ಬರುತ್ತೆ.” ಮಗಳು ಹದಿಮೂರನೇ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ ಅನ್ನುವುದು ನಮ್ಮ ನೆಂಟರಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಗಂಡುಮಗನಾಗಿದ್ದರೆ ಇಷ್ಟು ಮುಚ್ಚಿಡುತ್ತಿದ್ದೆವಾ ಅಂತ ನಾನು ಕೇಳಿದೆ. ಅಕ್ಕ ಉತ್ತರ ಕೊಡಲಿಲ್ಲ, ಕಾಫಿ ಕೊಟ್ಟಳು. ಮುಚ್ಚಿಟ್ಟ ಗುಟ್ಟಿನ ಬೆಲೆಯನ್ನು ಲ್ಯಾಬ್ ಬಾಗಿಲಲ್ಲಿ ತೆತ್ತಿದ್ದು ಮಗಳು. ‘ಶುಗರ್ ಇದೆ’ ಅನ್ನುವ ಎರಡು ಪದ ಬಿಟ್ಟರೆ ಗೆಳತಿಯರಿಗೆ ಏನೂ ಗೊತ್ತಿರಲಿಲ್ಲ. ಆ ಎರಡು ಪದಗಳೇ ಅವರನ್ನು ದಾರಿ ತಪ್ಪಿಸಿದ್ದವು.

ಶನಿವಾರ ಮಧ್ಯಾಹ್ನದ ಕೊನೆಯ ಪೀರಿಯಡ್. ಮೇಡಂ ಅನುಮತಿ ಪಡೆದು ನಾನು ಕೊನೆಯ ಬೆಂಚಿನಲ್ಲಿ ಕೂತೆ. ಅರವತ್ತು ಚಿಲ್ಲರೆ ವಿದ್ಯಾರ್ಥಿಗಳು. ಅವಳ ಕೈಯಲ್ಲಿ ಸ್ಲೈಡು ಗಿಯ್ಡು ಏನೂ ಇಲ್ಲ. ಒಂದು ಪಾರದರ್ಶಕ ಟಿಫಿನ್ ಡಬ್ಬಿ ಮಾತ್ರ ಇತ್ತು.

“ನನಗಿರೋದು ಟೈಪ್ ಒನ್. ನಿಮ್ಮ ಅಜ್ಜಿಗೆ, ಅಪ್ಪಂಗೆ ಇರೋದು ಬಹುಶಃ ಟೈಪ್ ಟು. ಹೆಸರು ಒಂದೇ, ಕಥೆ ಬೇರೆ.” ಅವಳ ಆರಂಭ ಇಷ್ಟೇ. ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈಪ್ ಟು ಇರುವವರ ದೇಹದಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಸಾಕಾಗುವುದಿಲ್ಲ. ಅವರಲ್ಲಿ ಬಹಳ ಜನಕ್ಕೆ ಮಾತ್ರೆ, ಪಥ್ಯ, ನಡಿಗೆಯಿಂದ ನಿಭಾಯಿಸಲು ಸಾಧ್ಯ. ಟೈಪ್ ಒನ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗುರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದಿದ್ದಕ್ಕೆ ಬಂದದ್ದಲ್ಲ, ದಪ್ಪ ಇದ್ದಿದ್ದಕ್ಕೂ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಬದುಕು ನಡೆಯುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಸೊರಗಿ ಸೊರಗಿ ಸಾಯುತ್ತಿದ್ದರು.

ಇವಳಿಗೂ ಹಾಗೇ ಶುರುವಾಗಿದ್ದು. ಎಂಟನೇ ಕ್ಲಾಸಿನಲ್ಲಿದ್ದಳು. ಎಷ್ಟು ನೀರು ಕುಡಿದರೂ ದಾಹ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಯೂನಿಫಾರ್ಮ್ ಸಡಿಲವಾಗುವುದು. ಕೊನೆಗೆ ವಾಂತಿ ಶುರುವಾದಾಗ ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಎರಡು ದಿನ ಮಾತ್ರೆ ಕೊಟ್ಟರು. ಒಂದು ಹನಿ ರಕ್ತ ಪರೀಕ್ಷಿಸಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗೊತ್ತಾಗಿದ್ದು ಐಸಿಯುನಲ್ಲಿ. ಆ ಕಥೆಯನ್ನು ಅವಳು ಕ್ಲಾಸಿನಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಿದಳು, ನಾನೂ ಇಲ್ಲಿಗೆ ಬಿಡುತ್ತೇನೆ.

ಆಮೇಲೆ ನೇರ ಲ್ಯಾಬ್ ದಿನಕ್ಕೆ ಬಂದಳು. “ಅವತ್ತು ನನಗೆ ಶುಗರ್ ಜಾಸ್ತಿ ಆಗಿರ್ಲಿಲ್ಲ, ಕಮ್ಮಿ ಆಗಿತ್ತು. ಹೇಗೆ ಅಂತ ಲೆಕ್ಕ ತೋರಿಸ್ತೀನಿ.” ಬೋರ್ಡಿನ ಕಡೆ ತಿರುಗಿ ಚಾಕ್ ಹಿಡಿದಳು.

ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹಾಸ್ಟೆಲ್‌ನಲ್ಲಿ ಬೆರಳು ಚುಚ್ಚಿ ನೋಡಿದಾಗ 142 ಇತ್ತು. ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 142 ಮಿಲಿಗ್ರಾಂ ಗ್ಲೂಕೋಸ್. ಅವಳ ಮಟ್ಟಿಗೆ ಪರವಾಗಿಲ್ಲ ಅನ್ನುವ ಸಂಖ್ಯೆ. ತಿಂಡಿಗೆ ಚಿತ್ರಾನ್ನ. ಅವಳು ಸಾಮಾನ್ಯವಾಗಿ ತಿನ್ನುವ ಒಂದು ತಟ್ಟೆಯಲ್ಲಿ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ ಅಂತ ಅಂದಾಜು. ಅವಳ ದೇಹಕ್ಕೆ ಪ್ರತಿ 10 ಗ್ರಾಂಗೆ 1 ಯೂನಿಟ್ ಬೇಕು. ಇದು ಒಬ್ಬೊಬ್ಬರಿಗೆ ಒಂದೊಂದು ಥರ, ಡಾಕ್ಟರ್ ಜತೆ ಕೂತು ಕಂಡುಕೊಂಡ ಲೆಕ್ಕ. ಹಾಗಾಗಿ ತಿಂಡಿಗೆ ಮುಂಚೆ, ಬೇಗ ಕೆಲಸ ಮಾಡುವ ಇನ್ಸುಲಿನ್ 6 ಯೂನಿಟ್ ಹೊಟ್ಟೆಗೆ ಚುಚ್ಚಿಕೊಂಡಳು. ರಾತ್ರಿ ಹಾಕಿಕೊಳ್ಳುವ, ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್ ಬೇರೆ ಇರುತ್ತದೆ, ಆ ಲೆಕ್ಕ ಇಲ್ಲಿ ಬೇಡ.

ಇಲ್ಲಿಯವರೆಗೆ ಎಲ್ಲ ಸರಿ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್: ಲ್ಯಾಬ್ ಮುಂಚೆಯೇ ಶುರುವಾಗುತ್ತೆ, ಬೇಗ ಬನ್ನಿ. ಅರ್ಧ ತಟ್ಟೆ ಬಿಟ್ಟು ಎದ್ದಳು. ಬಸ್ ಸಿಗಲಿಲ್ಲ, ಇಪ್ಪತ್ತು ನಿಮಿಷ ಬಿರುಸಾಗಿ ನಡೆದಳು. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದಳು.

ಬೋರ್ಡಿನ ಮೇಲೆ ಬರೆದಳು. ತಿಂದದ್ದು 30 ಗ್ರಾಂ, ಅದಕ್ಕೆ ಬೇಕಿದ್ದದ್ದು 3 ಯೂನಿಟ್. ಹಾಕಿದ್ದು 6. ಉಳಿದದ್ದು 3. ಅವಳ ದೇಹದಲ್ಲಿ ಒಂದು ಯೂನಿಟ್ ಸುಮಾರು 50 ಅಂಕ ಇಳಿಸುತ್ತದೆ. ಮೂರು ಅಂದರೆ 150. ಇದ್ದದ್ದೇ 142. “ಈಗ ಕಳೀರಿ ನೋಡೋಣ.” ಮುಂದಿನ ಬೆಂಚಿನಿಂದ ಯಾರೋ “ಮೈನಸ್ ಎಂಟು” ಅಂದರು. ಕ್ಲಾಸ್ ನಕ್ಕಿತು. ಮರುಕ್ಷಣ ಸುಮ್ಮನಾಯಿತು.

ನಿಜಕ್ಕೂ ಶೂನ್ಯಕ್ಕೆ ಇಳಿಯುವುದಿಲ್ಲ. ಕಡಿಮೆಯಾದಾಗ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ಸ್ವಲ್ಪ ಬಿಡುಗಡೆ ಮಾಡುತ್ತದೆ. ಆದರೆ ನಡಿಗೆಯೂ ಸಕ್ಕರೆಯನ್ನು ಎಳೆದುಕೊಂಡಿತ್ತು. ಈ ಇನ್ಸುಲಿನ್‌ನ ಜೋರು ಚುಚ್ಚಿದ ಒಂದು ಒಂದೂವರೆ ಗಂಟೆಗೆ ಹೆಚ್ಚು, ಆಮೇಲೂ ಎರಡು ಮೂರು ಗಂಟೆ ಅದು ಸುಮ್ಮನಿರುವುದಿಲ್ಲ. ಒಂಬತ್ತೂವರೆಗೆ ಲ್ಯಾಬ್ ಬಾಗಿಲಲ್ಲಿ ಮೀಟರ್ ತೋರಿಸಿದ್ದು 48. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಆಗಲೇ ಸಕ್ಕರೆ ತಗೋಬೇಕು. 54ಕ್ಕಿಂತ ಕೆಳಗೆ ಅಂದರೆ ಅದು ಗಂಭೀರ. ಮಿದುಳಿಗೆ ಇಂಧನವೇ ಗ್ಲೂಕೋಸ್, ಅದು ಸಾಲದಾದಾಗ ಮೊದಲು ಕೆಡುವುದು ಯೋಚನೆ.

ನನ್ನ ಓಪನ್ ಲೂಪನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳು. “ನಿಮ್ಮದೆಲ್ಲ ತಾನಾಗೇ ಬ್ರೇಕ್ ಹಿಡಿಯೋ ಗಾಡಿ. ನನ್ನದರಲ್ಲಿ ಬ್ರೇಕ್ ಒತ್ತಿದ್ರೆ ಒಂದು ಗಂಟೆ ಆದ್ಮೇಲೆ ಹಿಡಿಯುತ್ತೆ. ಒಂದ್ಸಲ ಹಿಡಿದ ಮೇಲೆ ನಾನು ಬೇಡ ಅಂದ್ರೂ ಬಿಡಲ್ಲ.” ಚುಚ್ಚಿದ ಇನ್ಸುಲಿನ್ ವಾಪಸ್ ತೆಗೆಯಲು ಬರುವುದಿಲ್ಲ. ಮಾಡಲು ಸಾಧ್ಯವಿರುವುದು ಒಂದೇ: ಅದು ತಿನ್ನಲು ಹುಡುಕುತ್ತಿರುವ ಸಕ್ಕರೆಯನ್ನು ಕೊಡುವುದು.

ಅಲ್ಲಿಗೆ ಡಬ್ಬಿ ತೆರೆದಳು. ಗ್ಲೂಕೋಸ್ ಪುಡಿಯ ಪೊಟ್ಟಣ, ಒಂದು ಚಮಚ, 150 ಎಂಎಲ್‌ನ ಜ್ಯೂಸ್ ಪ್ಯಾಕೆಟ್, ಎರಡು ಬಿಸ್ಕತ್ತು, ಮೀಟರ್. ಬೇಕಿರುವುದು 15 ಗ್ರಾಂ ಸಕ್ಕರೆ. ಅಂದರೆ ಟೀ ಚಮಚದಲ್ಲಿ ಮೂರರಿಂದ ನಾಲ್ಕು, ನೀರಿನಲ್ಲಿ ಕದಡಿ. ಇಲ್ಲವೇ ಆ ಸಣ್ಣ ಜ್ಯೂಸ್ ಪ್ಯಾಕೆಟ್ ಪೂರ್ತಿ. ‘ಡಯಟ್’, ‘ಜೀರೋ’ ಅಂತ ಬರೆದಿರುವ ಕೂಲ್‌ಡ್ರಿಂಕ್ ಆಗುವುದಿಲ್ಲ, ಅದರಲ್ಲಿ ಸಕ್ಕರೆಯೇ ಇರುವುದಿಲ್ಲ. ಚಾಕೊಲೇಟ್ ಕೊಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಬಿಸ್ಕತ್ತು ಕೂಡ ಮೊದಲಿಗಲ್ಲ, ಆಮೇಲೆ.

ಕೊಟ್ಟ ಮೇಲೆ ಹದಿನೈದು ನಿಮಿಷ ಕಾಯಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಐದು ನಿಮಿಷಕ್ಕೆಲ್ಲ ಇನ್ನೂ ನಡುಗುತ್ತಿದ್ದಾಳೆ ಅಂತ ಸುತ್ತಲಿನವರು ಮತ್ತೆ ಮತ್ತೆ ತುರುಕುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಮುನ್ನೂರು ಮುಟ್ಟಿರುತ್ತದೆ. ಅವತ್ತು ಅಟೆಂಡರ್ ಕುಡಿಸಿದ ಸಕ್ಕರೆ ನೀರಿಗೆ ಹದಿನೈದು ನಿಮಿಷದ ನಂತರ ಮೀಟರ್ 66 ತೋರಿಸಿತು. ಇನ್ನೂ ಎಪ್ಪತ್ತರ ಕೆಳಗೆ. ಹಾಗಾಗಿ ಇನ್ನೊಂದು ಸಲ ಅಷ್ಟೇ ಸಕ್ಕರೆ. ಮತ್ತೆ ಹದಿನೈದು ನಿಮಿಷ. 94. ಆಮೇಲೆ ಊಟದ ಹೊತ್ತು ದೂರವಿದ್ದರಿಂದ ಎರಡು ಬಿಸ್ಕತ್ತು, ಮತ್ತೆ ಇಳಿಯದಿರಲಿ ಅಂತ.

“ಲೋ ಆಗಿದೆಯೋ ಹೈ ಆಗಿದೆಯೋ ನಮಗೆ ಹೇಗೆ ಗೊತ್ತಾಗ್ಬೇಕು?” ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಪೆನ್ ಹಿಡಿದು ನಿಂತಿದ್ದವನು ಅವನೇ ಅಂತ ಆಮೇಲೆ ತಿಳಿಯಿತು. ಇದು ಇಡೀ ಮಾತಿನ ಮುಖ್ಯ ಪ್ರಶ್ನೆ. ಅವಳ ಉತ್ತರ: ಕಡಿಮೆಯಾಗುವುದು ನಿಮಿಷಗಳಲ್ಲಿ. ಬೆವರು, ನಡುಕ, ಮುಖ ಬಿಳಿಚಿಕೊಳ್ಳುವುದು, ಮಾತು ತೊದಲುವುದು. ಜಾಸ್ತಿಯಾಗುವುದು ಗಂಟೆಗಳಲ್ಲಿ, ದಿನಗಳಲ್ಲಿ. ದಾಹ, ಪದೇ ಪದೇ ಮೂತ್ರ, ಸುಸ್ತು, ಕೊನೆಗೆ ವಾಂತಿ, ಏದುಸಿರು. ಅದಕ್ಕೆ ಆಸ್ಪತ್ರೆಯೇ ಬೇಕು. ಮೀಟರ್ ಹತ್ತಿರವಿದ್ದರೆ ನೋಡಿ. ಇಲ್ಲದಿದ್ದರೆ, ಗೊಂದಲವಿದ್ದರೆ, ಸಕ್ಕರೆ ಕೊಡಿ.

ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಫೇಲ್-ಸೇಫ್ ಅನ್ನುತ್ತೇವೆ. ಯಾವ ಕಡೆಗೆ ತಪ್ಪಿದರೆ ನಷ್ಟ ಕಡಿಮೆಯೋ ಆ ಕಡೆಗೆ ವಾಲಿರಬೇಕು. ಸಕ್ಕರೆ ಆಗಲೇ ಮುನ್ನೂರು ಇರುವವಳಿಗೆ ನಾಲ್ಕು ಚಮಚ ಸಕ್ಕರೆ ಕೊಟ್ಟರೆ ಇನ್ನಷ್ಟು ಏರುತ್ತದೆ, ಸಂಜೆಯೊಳಗೆ ಸರಿಮಾಡಬಹುದು. ನಲವತ್ತೆಂಟು ಇರುವವಳಿಗೆ ಇನ್ಸುಲಿನ್ ಚುಚ್ಚಿದರೆ ಸರಿಮಾಡಲು ಸಂಜೆ ಇರುವುದಿಲ್ಲ. ಅದಕ್ಕೇ ಅವಳು ಪೆನ್ ಎತ್ತಿ ತೋರಿಸಿ ಹೇಳಿದಳು, “ಇದನ್ನ ನಾನು ಬಿಟ್ಟು ಯಾರೂ ಮುಟ್ಟಬೇಡಿ. ಯಾವತ್ತೂ. ನಾನು ಸಾಯ್ತಿದ್ದೀನಿ ಅನ್ನಿಸಿದ್ರೂ.” ಆ ಹುಡುಗ ತಲೆ ತಗ್ಗಿಸಿದ. “ನಿನ್ನ ಮೇಲೆ ಸಿಟ್ಟಿಲ್ಲ ಕಣೋ, ಕೇಳಿ ಆಮೇಲೆ ಚುಚ್ಚೋಣ ಅಂದ್ಯಲ್ಲ, ಅದೇ ಪುಣ್ಯ” ಅಂದಳು.

ನುಂಗಲು ಆಗದ ಸ್ಥಿತಿ ಬಂದರೆ? ಕರೆದರೂ ಎಚ್ಚರವಿಲ್ಲ ಅಥವಾ ಫಿಟ್ಸ್ ಬಂದಿದೆ ಅಂದರೆ? ಆಗ ಬಾಯಿಗೆ ಏನೂ ಹಾಕಬಾರದು. ನೀರೂ ಬೇಡ, ಜ್ಯೂಸೂ ಬೇಡ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಫೋನ್‌ನಲ್ಲಿ ‘ತಲೆ ಸುತ್ತಿ ಬಿದ್ದಿದ್ದಾಳೆ’ ಅನ್ನದೆ, ‘ಟೈಪ್ ಒನ್ ಡಯಾಬಿಟಿಸ್, ಇನ್ಸುಲಿನ್ ತಗೊಳ್ತಾಳೆ, ಸಕ್ಕರೆ ಇಳಿದಿರಬೇಕು’ ಅನ್ನಬೇಕು. ಇಂಥ ಹೊತ್ತಿಗೆಂದೇ ಗ್ಲೂಕಗಾನ್ ಅನ್ನುವ ಇಂಜೆಕ್ಷನ್ ಇದೆ, ಅದು ಯಕೃತ್ತಿನಲ್ಲಿರುವ ಗ್ಲೂಕೋಸನ್ನು ಬಿಡುಗಡೆ ಮಾಡಿಸುತ್ತದೆ. ಅಕ್ಕ ತುಮಕೂರಿನ ನಾಲ್ಕೈದು ಮೆಡಿಕಲ್ ಶಾಪ್ ಅಲೆದಳು, ಸಿಗಲಿಲ್ಲ. ಹಾಗಾಗಿ ಈ ಹುಡುಗಿಯ ಪಾಲಿಗೆ ಅದು ಪುಸ್ತಕದ ಬದನೆಕಾಯಿ.

ಇನ್ನೊಂದು ವಿಷಯವನ್ನು ನಾನು ಎಲ್ಲೂ ಓದಿರಲಿಲ್ಲ, ಅವಳ ಬಾಯಲ್ಲೇ ಕೇಳಿದ್ದು. ಸಕ್ಕರೆ ಇಳಿದಾಗ ಅವಳಿಗೆ ಸಿಟ್ಟು ಬರುತ್ತದೆ. ಜ್ಯೂಸ್ ಕುಡಿ ಅಂದರೆ “ನನಗೇನೂ ಆಗಿಲ್ಲ, ಹೋಗೇ” ಅನ್ನುತ್ತಾಳೆ. ಕೊಟ್ಟವರ ಕೈ ತಳ್ಳುತ್ತಾಳೆ. ಒಮ್ಮೆ ಅಮ್ಮನ ಮೇಲೆ ಲೋಟ ಎಸೆದಿದ್ದಾಳೆ. ಯೋಚಿಸುವ ಅಂಗಕ್ಕೇ ಇಂಧನ ಇಲ್ಲದಿರುವಾಗ ‘ನಾನು ಸರಿ ಇದ್ದೀನಿ’ ಅನ್ನುವ ತೀರ್ಪನ್ನು ಕೊಡುತ್ತಿರುವುದೂ ಅದೇ ಅಂಗ. “ಅದಕ್ಕೇ ಈಗಲೇ, ಬುದ್ಧಿ ನೆಟ್ಟಗಿರೋವಾಗಲೇ ಹೇಳ್ತಿದ್ದೀನಿ. ಬೆವರ್ತಿದ್ದು, ಮಾತು ಕೆಟ್ಟಿದ್ದು, ಬೇಡ ಅಂದ್ರೆ ಆ ಬೇಡವನ್ನ ನಂಬಬೇಡಿ. ಎರಡು ಸಲ, ಮೂರು ಸಲ ಕೊಡಿ. ಒಬ್ಬಳನ್ನೇ ಬಿಟ್ಟು ಹೋಗಬೇಡಿ. ವಾಶ್‌ರೂಮಿಗೆ ಹೋಗ್ತೀನಿ ಅಂದ್ರೂ ಜತೆಗೆ ಬನ್ನಿ.” ಒಪ್ಪಿಗೆ ಅನ್ನುವ ಪದದ ಬಗ್ಗೆ ನಮ್ಮ ತಲೆಮಾರು ಬಹಳ ಚರ್ಚೆ ಮಾಡಿದೆ. ಮುಂದಿನ ಒಂದು ಕೆಟ್ಟ ಕ್ಷಣಕ್ಕೆ ಹೀಗೆ ಅರವತ್ತು ಜನರ ಎದುರು ಮುಂಗಡ ಒಪ್ಪಿಗೆ ಕೊಟ್ಟಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಲ್ಯಾಬ್‌ನ ಬಗ್ಗೆಯೂ ಹೇಳಿದಳು. ಕೆಮಿಸ್ಟ್ರಿ ಲ್ಯಾಬ್ ಒಳಗೆ ಏನೂ ತಿನ್ನಬಾರದು ಅನ್ನುವ ನಿಯಮ ಸರಿಯಾದದ್ದೇ, ಅದನ್ನು ಮುರಿಯಲು ಅವಳಿಗೂ ಇಷ್ಟವಿಲ್ಲ. ಡಬ್ಬಿ ಇನ್ಮೇಲೆ ಬಾಗಿಲ ಪಕ್ಕದ ಶೆಲ್ಫಿನ ಮೊದಲ ಖಾನೆಯಲ್ಲಿ ಇರುತ್ತದೆ. ಅವಳು ಕೈ ಎತ್ತಿ ಹೊರಗೆ ಹೋದರೆ ಪಾರ್ಟ್‌ನರ್ ಬರ್ನರ್ ಆರಿಸಿ ಹಿಂದೆಯೇ ಬರಬೇಕು. ಕ್ಲಾಸಿನಲ್ಲಿ ಮಾತ್ರ ಕೂತಲ್ಲೇ ಕುಡಿಯುತ್ತಾಳೆ, ಯಾರೂ ತಿರುಗಿ ನೋಡುವುದು ಬೇಡ.

ಪ್ರಶ್ನೆಗಳು ಶುರುವಾದವು. ಇದು ಅಂಟುತ್ತಾ? ಇಲ್ಲ. ಸ್ವೀಟ್ ತಿನ್ನಬಹುದಾ? ತಿನ್ನಬಹುದು, ಅದಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕಿಕೊಂಡು. “ನಿಮ್ಮ ಬರ್ತ್‌ಡೇ ಕೇಕ್ ಮುಂದೆ ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ಬೇಡಿ. ತಿನ್ನಬೇಕೋ ಬೇಡವೋ ನಾನೇ ನೋಡ್ಕೊಳ್ತೀನಿ.” ಒಬ್ಬಳು, ನಮ್ಮಜ್ಜಿ ಹಾಗಲಕಾಯಿ ಜ್ಯೂಸ್ ಕುಡಿದು ಮಾತ್ರೆ ಕಮ್ಮಿ ಮಾಡಿಕೊಂಡರು, ನೀನೂ ಟ್ರೈ ಮಾಡು ಅಂದಳು. ಇವಳ ಮುಖ ಮೊದಲ ಸಲ ಬಿಗಿಯಾಯಿತು. ಹೈಸ್ಕೂಲಿನಲ್ಲಿದ್ದಾಗ ಯಾರೋ ನಾಟಿ ಔಷಧಿ ಕೊಡುವವರ ಮಾತು ಕೇಳಿ ಮನೆಯವರು ಇನ್ಸುಲಿನ್ ಕಡಿಮೆ ಮಾಡಿದ್ದರು. ಮೂರನೇ ದಿನ ವಾಂತಿ, ಮತ್ತೆ ಆಸ್ಪತ್ರೆ. ನಾಶವಾದ ಕೋಶಗಳನ್ನು ಯಾವ ಕಷಾಯವೂ ಮರಳಿ ತರುವುದಿಲ್ಲ. ಆ ಮೂರು ದಿನಗಳಿಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ನಾಟಿ ಔಷಧಿ ಬಗ್ಗೆ ನನಗೆ ನಂಬಿಕೆ ಇರಲಿಲ್ಲ, ಆದರೆ ದೊಡ್ಡವರ ಎದುರು ಜಗಳ ಬೇಡ ಅಂತ ಸುಮ್ಮನಿದ್ದೆ.

ಜ್ಯೂಸ್ ಕಿತ್ತುಕೊಂಡ ಗೆಳತಿ ಅಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಕೊನೆಗೆ ಎದ್ದು ನಿಂತು ಕೇಳಿದಳು, “ಅವತ್ತು ಅಟೆಂಡರ್ ಅಣ್ಣ ಬರದೇ ಇದ್ದಿದ್ರೆ?” 

ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಗೊತ್ತಿಲ್ಲ ಕಣೇ. ನಿನಗೆ ಮೊದಲೇ ಹೇಳದೇ ಇದ್ದಿದ್ದು ನನ್ನ ತಪ್ಪು” ಅಂದಳು. ಅದು ಅವಳೊಬ್ಬಳ ತಪ್ಪಲ್ಲ ಅಂತ ಕೊನೆಯ ಬೆಂಚಿನಿಂದ ಕೂಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ, ಅದು ನನ್ನ ಪೀರಿಯಡ್ ಆಗಿರಲಿಲ್ಲ.

ಈಗ ನನ್ನ ಪಾಲಿನ ಮಾತು. ಗೆಳೆಯರು ಕಲಿಯುವುದು ಸುಲಭ, ನಿಯಮಗಳು ಕಲಿಯುವುದು ಕಷ್ಟ. ಹಿಂದಿನ ಇಂಟರ್ನಲ್ ಪರೀಕ್ಷೆಯಲ್ಲಿ ಸೂಪರ್‌ವೈಸರ್ ಇವಳ ಬ್ಯಾಗನ್ನು ಎಲ್ಲರ ಬ್ಯಾಗಿನ ಜತೆ ಹೊರಗಿಡಿಸಿದ್ದರು. ಗ್ಲೂಕೋಸ್, ಮೀಟರ್ ಎಲ್ಲ ಅದರೊಳಗೆ. ಒಳಗೆ ತರಲು ‘ಪರ್ಮಿಶನ್ ಲೆಟರ್ ಎಲ್ಲಿ’ ಅಂದರು. ಅಂಥ ಲೆಟರ್ ಒಂದು ಇರುತ್ತದೆ ಅಂತ ಆ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಕ್ಕರೆ ಇಳಿದೀತು ಅನ್ನುವ ಭಯಕ್ಕೆ ಅವಳು ಅವತ್ತು ಬೆಳಿಗ್ಗೆ ಬೇಕೆಂದೇ ಇನ್ಸುಲಿನ್ ಕಡಿಮೆ ಹಾಕಿಕೊಂಡು ಹೋದಳು. ಈ ಕಾಯಿಲೆ ಇರುವ ಎಷ್ಟೋ ಮಕ್ಕಳು ಪರೀಕ್ಷೆಯ ದಿನ ಇದನ್ನೇ ಮಾಡುತ್ತಾರೆ. ಇನ್ನೂರೈವತ್ತು ಮುನ್ನೂರರ ಸಕ್ಕರೆಯಲ್ಲಿ ತಲೆ ಭಾರ, ಬಾಯಿ ಒಣಗುವುದು, ಮೂತ್ರಕ್ಕೆ ಅವಸರ, ಅದರ ಜತೆಯಲ್ಲೇ ಮೂರು ಗಂಟೆ ಬರೆಯುತ್ತಾರೆ.

ದಾರಿ ಇಲ್ಲದೆ ಇಲ್ಲ. ಸಿಬಿಎಸ್‌ಇ 2017ರಲ್ಲೇ ಟೈಪ್ ಒನ್ ಇರುವ ವಿದ್ಯಾರ್ಥಿಗಳು ಹತ್ತು ಮತ್ತು ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆಗೆ ಸಕ್ಕರೆ ಮಾತ್ರೆ, ಹಣ್ಣು, ಸ್ಯಾಂಡ್‌ವಿಚ್‌ನಂಥ ತಿಂಡಿ, ನೀರು ತರಬಹುದು ಎಂದು ಸುತ್ತೋಲೆ ಹೊರಡಿಸಿತು. ಅವು ಕೊಠಡಿ ಮೇಲ್ವಿಚಾರಕರ ಬಳಿ ಇರಬೇಕು, ಕೇಳಿದಾಗ ಕೊಡಬೇಕು. ಜೆಇಇ ಮೇನ್ ಬರೆಯುವ ಡಯಾಬಿಟಿಸ್ ಇರುವವರಿಗೂ ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಯ ನೀರಿಗೆ ಅವಕಾಶವಿದೆ. ಅಷ್ಟು ಬಿಗಿ ತಪಾಸಣೆಯ ಪರೀಕ್ಷೆಗಳಲ್ಲಿ ಆಗುವುದು ಒಂದು ಡಿಗ್ರಿ ಕಾಲೇಜಿನ ಇಂಟರ್ನಲ್‌ನಲ್ಲಿ ಯಾಕೆ ಆಗಬಾರದು? ತೊಡಕು ಎಲ್ಲಿದೆಯೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯಲ್ಲಿ ಟೈಪ್ ಒನ್ ಡಯಾಬಿಟಿಸ್ ಇಲ್ಲ. ಆ ಕಾಯ್ದೆಯ ಪ್ರಕಾರ ಸಿಗುವ ಸವಲತ್ತನ್ನು ಇವರು ಹಕ್ಕಾಗಿ ಕೇಳಲು ಆಗುವುದಿಲ್ಲ. ಪಟ್ಟಿಗೆ ಸೇರಿಸಬೇಕೇ ಬೇಡವೇ ಅನ್ನುವುದರಲ್ಲಿ ಈ ಕಾಯಿಲೆ ಇರುವವರಲ್ಲೇ ಒಮ್ಮತ ಇಲ್ಲ, ‘ಅಂಗವಿಕಲ’ ಅನ್ನುವ ಹಣೆಪಟ್ಟಿ ಅಕ್ಕನಂಥವರಿಗೆ ಇನ್ನೊಂದು ಹೆದರಿಕೆ. ಅಲ್ಲಿಯವರೆಗೆ ಎಲ್ಲ ನಿಂತಿರುವುದು ಆಯಾ ಕಾಲೇಜಿನ, ಆಯಾ ದಿನದ ಸೂಪರ್‌ವೈಸರ್‌ನ ಮನಸ್ಸಿನ ಮೇಲೆ.

ದುಡ್ಡಿನ ಮಾತೂ ಇದೆ. ತೋಳಿಗೆ ಅಂಟಿಸಿಕೊಂಡು ಸಕ್ಕರೆ ಇಳಿಯುವ ಮುಂಚೆಯೇ ಫೋನ್‌ನಲ್ಲಿ ಅಲಾರಂ ಕೊಡುವ ಸೆನ್ಸರ್‌ಗಳು ಬಂದಿವೆ. ಎರಡು ವಾರಕ್ಕೆ ನಾಲ್ಕೈದು ಸಾವಿರ ರೂಪಾಯಿ. ಅದು ಇದ್ದಿದ್ದರೆ ಲ್ಯಾಬ್ ದಿನದ ಕಥೆಯೇ ನಡೆಯುತ್ತಿರಲಿಲ್ಲ ಅನ್ನಬಹುದು. ಅಕ್ಕನ ಮನೆಗೆ ಅದು ಆಗದ ಮಾತು. ಒಂದೊಂದು ಸ್ಟ್ರಿಪ್‌ಗೆ ಹದಿನೈದು ಇಪ್ಪತ್ತು ರೂಪಾಯಿ ಅಂತ ದಿನಕ್ಕೆ ನಾಲ್ಕು ಸಲ ನೋಡಬೇಕಾದಲ್ಲಿ ಎಷ್ಟೋ ದಿನ ಎರಡೇ ಸಲ ನೋಡುತ್ತಾಳೆ. ಹಾಗಾಗಿಯೇ ಸದ್ಯಕ್ಕೆ ಅವಳ ಸೆನ್ಸರ್‌ಗಳು ಆ ಅರವತ್ತು ಜನ.

ಮಾತು ಮುಗಿದ ವಾರದಲ್ಲೇ ಕ್ಲಾಸಿನ ಇಬ್ಬರು ಪ್ರತಿನಿಧಿಗಳು, ಜ್ಯೂಸ್ ಗೆಳತಿ ಸೇರಿ ಪ್ರಿನ್ಸಿಪಾಲರ ಬಳಿ ಹೋದರು. ಡಾಕ್ಟರ್ ಚೀಟಿ, ಸಿಬಿಎಸ್‌ಇ ಸುತ್ತೋಲೆಯ ಪ್ರತಿ, ಅರ್ಧ ಪುಟದ ಅರ್ಜಿ. ಪಾರದರ್ಶಕ ಡಬ್ಬಿಯೊಂದನ್ನು ಸೂಪರ್‌ವೈಸರ್ ಮೇಜಿನ ಮೇಲೆ ಇಡಲು ಬಿಡಿ, ಕೇಳಿದಾಗ ಕೊಡಿ, ಮೀಟರ್‌ನಲ್ಲಿ ಪರೀಕ್ಷಿಸಿಕೊಂಡದ್ದಕ್ಕೆ ವ್ಯಯವಾದ ಸಮಯವನ್ನು ಕೊನೆಗೆ ಸೇರಿಸಿ ಕೊಡಿ. ಮೊದಲ ಎರಡಕ್ಕೆ ಪ್ರಿನ್ಸಿಪಾಲರು ಸಹಿ ಹಾಕಿದರು. ಮೂರನೆಯದಕ್ಕೆ ‘ಯೂನಿವರ್ಸಿಟಿಗೆ ಬರೆದು ಕೇಳೋಣ’ ಅಂದರು.

ಮೊನ್ನೆ ಎರಡನೇ ಇಂಟರ್ನಲ್ ನಡೆಯಿತು. ಒಂದೂಕಾಲು ಗಂಟೆ ಕಳೆದಾಗ ಕೈ ನಡುಗಲು ಶುರುವಾಯಿತಂತೆ. ಕೈ ಎತ್ತಿದಳು. ಸೂಪರ್‌ವೈಸರ್ ಏನೂ ಕೇಳದೆ ಡಬ್ಬಿ ತಂದು ಡೆಸ್ಕ್ ಮೇಲೆ ಇಟ್ಟರು. ಮೀಟರ್ 64 ತೋರಿಸಿತು. ಜ್ಯೂಸ್ ಕುಡಿದು, ಪೆನ್ ಕೆಳಗಿಟ್ಟು, ಗಡಿಯಾರ ನೋಡುತ್ತಾ ಕೂತಳು. ಹದಿನೈದು ನಿಮಿಷದ ನಂತರ 88. ಒಟ್ಟು ಹದಿನೆಂಟು ನಿಮಿಷ ಹೋಯಿತು, ಹೆಚ್ಚುವರಿ ಸಮಯ ಸಿಗಲಿಲ್ಲ. ಕೊನೆಯ ಐದು ಅಂಕದ ಪ್ರಶ್ನೆ ಬಿಟ್ಟು ಬಂದಳು. ಯೂನಿವರ್ಸಿಟಿಯಿಂದ ಇನ್ನೂ ಉತ್ತರ ಬಂದಿಲ್ಲ.